ಮೊದಲು ಬೇಯಲಿ, ಆಮೇಲೆ ಹುಳಿ

ಶ್ರವಣಬೆಳಗೊಳದ ಜೈನರ ಅಡುಗೆಮನೆಗೆ ಸುವರ್ಣಗೆಡ್ಡೆ ಬರುವುದಿಲ್ಲ. ನೆಲದೊಳಗೆ ಬೆಳೆಯುವ ಒಂದೊಂದು ಗೆಡ್ಡೆಯಲ್ಲೂ ಲೆಕ್ಕವಿಲ್ಲದಷ್ಟು ಜೀವಗಳಿವೆ ಎಂದು ನಂಬಿದವರಿಗೆ ಕಂದಮೂಲ ವರ್ಜ್ಯ. ಊರು ದಾಟಿ ಚನ್ನರಾಯಪಟ್ಟಣದ ಕಡೆಯ ಒಕ್ಕಲು ಮನೆಗಳಿಗೆ ಬಂದರೆ ಮಾತೇ ಬೇರೆ. ಅಲ್ಲಿ ಸುವರ್ಣಗೆಡ್ಡೆ ಪಲ್ಯವೂ ಉಂಟು, ಕೆಸವಿನಗೆಡ್ಡೆ ಹುಳಿಯೂ ಉಂಟು. ಗಂಟಲು ಕೆರೆಯದಂತೆ ಬೇಯಿಸುವುದರಲ್ಲೇ ಅಡುಗೆಯವರ ಕೈ ಗೊತ್ತಾಗುವುದು.

ಕೆರೆತಕ್ಕೆ ಕಾರಣ ಗೆಡ್ಡೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಕಣ್ಣಿಗೆ ಕಾಣದ ಈ ಹರಳುಗಳು ಸೂಜಿಯ ಕಟ್ಟಿನಂತೆ ಇರುತ್ತವೆ. ಅಗಿದಾಗ ನಾಲಿಗೆ, ಗಂಟಲಿಗೆ ಚುಚ್ಚುತ್ತವೆ. ಜೊತೆಗಿರುವ ಪ್ರೋಟೀನು ಚುಚ್ಚಿದ ಕಡೆ ಉರಿ ಎಬ್ಬಿಸುತ್ತದೆ. ಕುದಿಸಿದರೆ ಹರಳು ಕರಗುವುದಿಲ್ಲ, ಹುಣಸೆಹುಳಿಗೂ ಅದು ಪೂರ್ತಿ ಬಗ್ಗದು. ಆದರೆ ಚೆನ್ನಾಗಿ ಬೆಂದಾಗ ಆ ಪ್ರೋಟೀನು ಕೆಡುತ್ತದೆ. ಹಾಗಾಗಿ ಹುಣಸೆಹಣ್ಣನ್ನೇ ನಂಬಿ ಅರೆಬೆಂದ ಗೆಡ್ಡೆ ಬಡಿಸುವವರಿಗೆ ನನ್ನ ಮೆಚ್ಚುಗೆಯಿಲ್ಲ.

ಅರ್ಧ ಕಿಲೋ ಸುವರ್ಣಗೆಡ್ಡೆ ಹೆಚ್ಚುವ ಮೊದಲು ಅಂಗೈಗೂ ಚಾಕುವಿಗೂ ಎಣ್ಣೆ ಸವರಬೇಕು. ಗೆಡ್ಡೆ ಒದ್ದೆಯಿದ್ದರೆ ಕೈ ಹೆಚ್ಚು ಕಡಿಯುತ್ತದೆ, ಆದ್ದರಿಂದ ಮಣ್ಣು ಒರೆಸಿ, ಒಣಗಿದ್ದಾಗಲೇ ಸಿಪ್ಪೆಯನ್ನು ದಪ್ಪವಾಗಿ ಹೆರೆದು, ಹೋಳು ಮಾಡಿ ಆಮೇಲೆ ತೊಳೆಯುವುದು. ಹೋಳು ಮುಳುಗುವಷ್ಟು ನೀರಿಗೆ ಉಪ್ಪು, ಚಿಟಿಕೆ ಅರಿಶಿನ ಹಾಕಿ, ನೀರು ಕುದಿ ಬಂದ ಮೇಲೆ ಹೋಳು ಬಿಡಬೇಕು. ಚಾಕು ತಡೆಯಿಲ್ಲದೆ ಇಳಿಯುವಷ್ಟು ಬೆಂದಾಗ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ ಹಿಂಡಿ ಇನ್ನೈದು ನಿಮಿಷ ಕುದಿಸಿ, ನೀರು ಬಸಿದು ಚೆಲ್ಲಬೇಕು. ಹುಳಿಯನ್ನು ಮೊದಲೇ ಹಾಕಿದರೆ ಹೋಳು ಬಿರುಸಾಗಿ ಬೇಯಲು ಹಟ ಹಿಡಿಯುತ್ತದೆ. ಹೊರಗೆ ಬೆಂದಂತೆ ಕಂಡರೂ ನಡುವೆ ಹಸಿಯಾಗಿ ಉಳಿದ ಭಾಗವೇ ಗಂಟಲು ಹಿಡಿಯುವುದು. ಬೆಂದ ಮೇಲೆ ಹಾಕಿದ ಹುಳಿ ಹೋಳು ಕಲಸಿಹೋಗದಂತೆಯೂ ನೋಡಿಕೊಳ್ಳುತ್ತದೆ.

ಬಸಿದ ಹೋಳನ್ನು ಬಾಣಲೆಯ ಒಗ್ಗರಣೆಗೆ ಹಾಕಿ ಸಣ್ಣ ಉರಿಯಲ್ಲಿ ಅಂಚು ಕೆಂಪಾಗುವವರೆಗೆ ಹುರಿಯಬೇಕು. ಇಲ್ಲಿ ಎಣ್ಣೆಗೆ ಜಿಪುಣತನ ಬೇಡ.

ಕೆಸವಿನಗೆಡ್ಡೆಗೆ ದಾರಿ ಇನ್ನೂ ಸುಲಭ. ಸಿಪ್ಪೆ ಸಮೇತ ಕುಕ್ಕರಿನಲ್ಲಿ ಬೇಯಿಸಿ, ಆರಿದ ಮೇಲೆ ಸುಲಿದರೆ ಕೈಗೂ ನೆಮ್ಮದಿ. ತಪ್ಪುವುದು ದಪ್ಪ, ಸಣ್ಣ ಗೆಡ್ಡೆಗಳನ್ನು ಒಟ್ಟಿಗೆ ಹಾಕಿದಾಗ. ಸಣ್ಣವು ಅಂಟಂಟಾಗುವ ಹೊತ್ತಿಗೆ ದಪ್ಪದ ನಡುಭಾಗ ಇನ್ನೂ ಗಟ್ಟಿ. ಒಂದೇ ಗಾತ್ರದ್ದನ್ನು ಆರಿಸಿ ಹಾಕಿ, ದೊಡ್ಡದೊಂದನ್ನು ಸೀಳಿ ನಡುವೆ ಮೆತ್ತಗಾಗಿದೆಯೇ ನೋಡಿಕೊಂಡು, ಆಮೇಲೆ ಹುಳಿಗೆ ಬಿಡಿ. ಕಾಲುವೆ ಬದಿಯಲ್ಲಿ ತಾನಾಗಿ ಬೆಳೆದ ಕೆಸವನ್ನು ಗುರುತಿಲ್ಲದೆ ಕಿತ್ತು ತರಬೇಡಿ, ಕೆಲವು ಎಷ್ಟು ಬೇಯಿಸಿದರೂ ಕೆರೆತ ಬಿಡುವುದಿಲ್ಲ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ವೈದ್ಯರನ್ನು ಕೇಳಿಯೇ ತಿನ್ನಲಿ. ತಿಂದ ಮೇಲೆ ತುಟಿ, ಗಂಟಲು ಊದಿ ಉಸಿರು ಕಟ್ಟಿದರೆ ಮಜ್ಜಿಗೆ, ಬೆಲ್ಲ ಎನ್ನುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.