ನೈಟ್ ಡ್ಯೂಟಿಯಿಂದ ವಿನಾಯಿತಿ: ಪತ್ರದಲ್ಲಿ ಏನಿರಬೇಕು?

"ಅನಾರೋಗ್ಯದ ನಿಮಿತ್ತ ರಾತ್ರಿ ಪಾಳಿಯಿಂದ ವಿನಾಯಿತಿ ಕೊಡಿ." ಇಷ್ಟೇ ಬರೆದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಏನಂತ ತೀರ್ಮಾನಿಸಬೇಕು?

ಒಬ್ಬ ಸಿಸ್ಟರ್‌ಗೆ ಮೂರ್ಛೆರೋಗ ಇದೆ ಅಂದುಕೊಳ್ಳಿ. ಮಾತ್ರೆಯಿಂದ ಹತೋಟಿಯಲ್ಲಿದೆ. ಆದರೆ ಸತತ 3 ನೈಟ್ ಮುಗಿಸಿದ ಬೆಳಿಗ್ಗೆ ಕೈ ತಟ್ಟನೆ ಅದುರಿ, ಹಿಡಿದಿದ್ದ ಟ್ರೇ ಬಿತ್ತು. ನಿದ್ದೆಗೆಟ್ಟರೆ ಫಿಟ್ಸ್ ಮರುಕಳಿಸುವ ಅಪಾಯ ಹೆಚ್ಚುತ್ತೆ. ಪತ್ರದಲ್ಲಿ ಬರೆಯಬೇಕಾದ್ದು ಈ ಕಾರಣವನ್ನೇ.

"ನರರೋಗ ತಜ್ಞರ ಸಲಹೆಯಂತೆ ನಾನು ರಾತ್ರಿ ನಿದ್ದೆಗೆಡುವಂತಿಲ್ಲ. ಡ್ಯೂಟಿಯಲ್ಲಿ ಫಿಟ್ಸ್ ಬಂದರೆ ರೋಗಿಗಳಿಗೂ ಅಪಾಯ. ಆದ್ದರಿಂದ 6 ತಿಂಗಳ ಕಾಲ ನನ್ನನ್ನು ಬೆಳಗಿನ ಅಥವಾ ಮಧ್ಯಾಹ್ನದ ಪಾಳಿಗೆ ಹಾಕಬೇಕೆಂದು ಕೋರುತ್ತೇನೆ. ಭಾನುವಾರ, ಹಬ್ಬದ ದಿನಗಳ ಡ್ಯೂಟಿಗೆ ನಾನು ಸಿದ್ಧ."

ಆ ಕೊನೆಯ ಸಾಲು ಬಿಡಬೇಡಿ. ನಿಮ್ಮ ನೈಟ್ ಇನ್ನೊಬ್ಬ ಸಿಸ್ಟರ್ ಹೆಗಲಿಗೇ ಹೋಗುತ್ತೆ. ಅವರ ಕಷ್ಟ ನಿಮಗೆ ಗೊತ್ತು ಅನ್ನೋದು ಅಲ್ಲಿ ಕಾಣಲಿ.

ಹೆಚ್ಚಿನವರು ಎಡವುವುದು ಸರ್ಟಿಫಿಕೇಟಿನಲ್ಲಿ. "ವಿಶ್ರಾಂತಿ ಬೇಕು" ಅಂತಿದ್ದರೆ ಆಫೀಸು ಅದನ್ನು ರಜೆ ಅಂತ ಓದುತ್ತೆ. ರಜೆ ಉಳಿದಿಲ್ಲದಿದ್ದರೆ ಸಂಬಳಕ್ಕೇ ಕತ್ತರಿ. ನೀವು ಕೇಳ್ತಿರೋದು ರಜೆಯಲ್ಲ, ಪಾಳಿ ಬದಲಾವಣೆ. ಅದನ್ನು ಡಾಕ್ಟರಿಗೆ ವಿವರಿಸಿ, ಅವರು ಒಪ್ಪಿದರೆ ಹೀಗೆ ಬರೆಸಿಕೊಳ್ಳಿ: "ಕೆಲಸಕ್ಕೆ ಯೋಗ್ಯರು. ರಾತ್ರಿ ಪಾಳಿ ಮಾತ್ರ ಬೇಡ. 6 ತಿಂಗಳ ನಂತರ ಮರುತಪಾಸಣೆ."

ಪತ್ರವನ್ನು ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಮೂಲಕವೇ ಕಳಿಸಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು, ತಾರೀಕು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.