‘ತೇಜಸ್ವಿ’ ಎಂದು ಹುಡುಕಿದರೆ ಮೊದಲು ಏನು ಬರಬೇಕು?

ಕನ್ನಡ ಪುಸ್ತಕ ಮಾರುವ ಜಾಲತಾಣವೊಂದನ್ನು ಊಹಿಸಿಕೊಳ್ಳಿ. ಅದರ ಸರ್ಚ್ ಪೆಟ್ಟಿಗೆಯನ್ನು ಪರೀಕ್ಷಿಸಲು ಕೂತ ಟೆಸ್ಟರ್ ‘ತೇಜಸ್ವಿ’ ಎಂದು ಟೈಪ್ ಮಾಡುತ್ತಾಳೆ. ಮೊದಲ ಸಾಲಿನಲ್ಲಿ ‘ನನ್ನ ತೇಜಸ್ವಿ’ ಬರುತ್ತದೆ. ರಾಜೇಶ್ವರಿ ತೇಜಸ್ವಿಯವರ ಪುಸ್ತಕ. ‘ಕರ್ವಾಲೊ’, ‘ಜುಗಾರಿ ಕ್ರಾಸ್’, ‘ಚಿದಂಬರ ರಹಸ್ಯ’ ಎಲ್ಲೋ ಎರಡನೇ ಪುಟದಲ್ಲಿವೆ.

ಯಂತ್ರದ ಲೆಕ್ಕದಲ್ಲಿ ತಪ್ಪೇನಿಲ್ಲ. ಹುಡುಕಿದ ಪದ ಪುಸ್ತಕದ ಹೆಸರಿನಲ್ಲೇ ಇದ್ದರೆ ಹೆಚ್ಚು ಅಂಕ, ಲೇಖಕರ ಹೆಸರಿನಲ್ಲಿದ್ದರೆ ಕಡಿಮೆ ಅಂಕ ಎಂದು ಯಾರೋ ನಿಗದಿ ಮಾಡಿಟ್ಟಿದ್ದಾರೆ. ಆದರೆ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಬೇಕಾದದ್ದು ತೇಜಸ್ವಿಯವರೇ ಬರೆದ ಪುಸ್ತಕ. ಹೀಗಾಗಿ ‘ಫಲಿತಾಂಶ ಬಂತೇ’ ಎಂದು ನೋಡಿ ಟಿಕ್ ಹಾಕಿದರೆ ಪರೀಕ್ಷೆ ಮುಗಿಯುವುದಿಲ್ಲ. ಟೆಸ್ಟರ್ ಮೊದಲ 10 ಫಲಿತಾಂಶಗಳನ್ನು ಒಂದೊಂದಾಗಿ ನೋಡಿ, ಬೇಕಾದದ್ದೋ ಬೇಡದ್ದೋ ಎಂದು ಗುರುತು ಹಾಕುತ್ತಾಳೆ. ಹತ್ತರಲ್ಲಿ 4 ಸರಿ ಇದ್ದರೆ ಅಂಕ 0.4. ಲೇಖಕರ ಹೆಸರಿನ ತೂಕ ಹೆಚ್ಚಿಸಿದ ಮೇಲೆ ಅದೇ ಹುಡುಕಾಟ 0.9 ಕೊಡಬಹುದು. ಆದರೆ ಅದೇ ಬದಲಾವಣೆಯಿಂದ ಬೇರೊಂದು ಹುಡುಕಾಟ ಕೆಟ್ಟಿರಲೂಬಹುದು. ಹಾಗಾಗಿ ಐವತ್ತೋ ನೂರೋ ಹುಡುಕಾಟಗಳ ಪಟ್ಟಿ ಇಟ್ಟುಕೊಂಡು, ಪ್ರತಿ ಬದಲಾವಣೆಯ ನಂತರ ಪೂರ್ತಿ ಪಟ್ಟಿಯನ್ನು ಮತ್ತೆ ಓಡಿಸಬೇಕು.

ಮುಂದಿನದು ಕಾಗುಣಿತ. ಒಬ್ಬರು ‘ಕರ್ವಾಲೊ’ ಎನ್ನುತ್ತಾರೆ, ಇನ್ನೊಬ್ಬರು ‘ಕರ್ವಾಲೋ’. ಇಂಥ ತಪ್ಪನ್ನು ಸಹಿಸಲು ಸರ್ಚ್ ತಂತ್ರಾಂಶಗಳು ಎಷ್ಟು ಅಕ್ಷರ ಬದಲಿಸಿದರೆ ಒಂದು ಪದ ಇನ್ನೊಂದಾಗುತ್ತದೆ ಎಂದು ಎಣಿಸುತ್ತವೆ. ಎಲಾಸ್ಟಿಕ್‌ಸರ್ಚ್‌ನ `AUTO` ಆಯ್ಕೆಯಲ್ಲಿ ಎರಡಕ್ಷರದವರೆಗಿನ ಪದಕ್ಕೆ ರಿಯಾಯಿತಿಯೇ ಇಲ್ಲ, 3ರಿಂದ 5ಕ್ಕೆ ಒಂದು ತಪ್ಪು, ಅದಕ್ಕೂ ಉದ್ದವಾದರೆ ಎರಡು ತಪ್ಪು ಮಾಫಿ. ಇಲ್ಲಿ ಅಕ್ಷರವೆಂದರೆ ನಾವು ಶಾಲೆಯಲ್ಲಿ ಕಲಿತ ಅಕ್ಷರವಲ್ಲ. ವ್ಯಂಜನ, ಸ್ವರಚಿಹ್ನೆ, ವಿರಾಮ ಎಲ್ಲವೂ ಒಂದೊಂದು. ‘ಕರ್ವಾಲೊ’ದಲ್ಲಿ ಅಂಥವು ಏಳು. ಎರಡು ತಪ್ಪು ನಡೆಯುತ್ತದೆ, ‘ಕರ್ವಾಲೋ’ ಎಂದರೂ ಪುಸ್ತಕ ಸಿಗುತ್ತದೆ.

ಆದರೂ ಕೆಲವರಿಗೆ ಸಿಗುವುದಿಲ್ಲ! ಕಾರಣ ಕಣ್ಣಿಗೆ ಕಾಣದ್ದು. ‘ಲೋ’ದಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು:

```
U+0CCB
U+0CC6 U+0CC2 U+0CD5
```

ಮೊದಲನೆಯದು ಇಡೀ ಚಿಹ್ನೆ. ಎರಡನೆಯದು ಅದನ್ನೇ ಮೂರು ತುಂಡಾಗಿ ಜೋಡಿಸಿದ್ದು. ಪರದೆಯ ಮೇಲೆ ಎರಡೂ ಒಂದೇ. ಆದರೆ ಗಿರಾಕಿ ತುಂಡುಗಳ ರೂಪದಲ್ಲಿ ಕಳಿಸಿದರೆ ವ್ಯತ್ಯಾಸ ಮೂರಾಗಿ, ಎರಡು ತಪ್ಪಿನ ಮಾಫಿ ಸಾಲದೆ ಹೋಗುತ್ತದೆ. ಪುಸ್ತಕ ಸೇರಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು `NFC` ಎಂಬ ಒಂದೇ ರೂಪಕ್ಕೆ ತಂದುಕೊಂಡರೆ ಈ ತೊಂದರೆ ಮಾಯ. ಟೆಸ್ಟರ್ ಎರಡೂ ರೂಪಗಳನ್ನು ಕಡತದಲ್ಲಿ ಇಟ್ಟುಕೊಂಡು ಅಂಟಿಸಿ ನೋಡಬೇಕು, ಕೈಯಲ್ಲಿ ಟೈಪ್ ಮಾಡಿದರೆ ಒಂದೇ ಬಗೆ ಬರುತ್ತದೆ.

ಮಾಫಿ ಅತಿಯಾದರೂ ಕಷ್ಟ. ‘ಪರ್ವ’ ಎಂದು ಹುಡುಕಿದವರಿಗೆ ‘ಗರ್ವ’, ‘ಸರ್ವ’ ಇರುವ ಹೆಸರುಗಳೆಲ್ಲ ಬರುತ್ತವೆ. ಬರಲಿ, ಆದರೆ ಭೈರಪ್ಪನವರ ಕಾದಂಬರಿಗಿಂತ ಕೆಳಗೆ.

ಈ ಸಡಿಲ ಹೊಂದಾಣಿಕೆಯ ಬಣ್ಣ ಬಯಲಾಗುವುದು ವಿಂಗಡಣೆಯಲ್ಲಿ. ‘ಕಡಿಮೆ ಬೆಲೆ ಮೊದಲು’ ಎಂದು ಒತ್ತಿದೊಡನೆ ಅಂಕಗಳ ಲೆಕ್ಕ ಬದಿಗೆ ಸರಿಯುತ್ತದೆ; 200ನೇ ಸ್ಥಾನದಲ್ಲಿ ಅಡಗಿದ್ದ 10 ರೂಪಾಯಿಯ ಬುಕ್‌ಮಾರ್ಕ್ ತಲೆಯ ಮೇಲೆ ಬಂದು ಕೂರುತ್ತದೆ. ಇನ್ನೊಂದು ಹಳೆಯ ರೋಗವಿದೆ: ಬೆಲೆಯನ್ನು ಸಂಖ್ಯೆಯಾಗಿ ಅಲ್ಲದೆ ಪಠ್ಯವಾಗಿ ಉಳಿಸಿದ್ದರೆ 1000, 250, 90 ಎಂಬ ಕ್ರಮದಲ್ಲಿ ‘ಏರುತ್ತದೆ’. ಎಲ್ಲ ಪುಸ್ತಕಗಳೂ ಮೂರಂಕಿಯ ಬೆಲೆಯವೇ ಆಗಿದ್ದರೆ ಇದು ಪತ್ತೆಯೇ ಆಗದು. ಪರೀಕ್ಷೆಗೆ 90 ಮತ್ತು 1000 ರೂಪಾಯಿಯ ಪುಸ್ತಕಗಳನ್ನು ಬೇಕೆಂದೇ ಸೇರಿಸಬೇಕು.

ಫಿಲ್ಟರ್‌ನ ಪರೀಕ್ಷೆ ಎಣಿಕೆಯ ಕೆಲಸ. ‘ಕಾದಂಬರಿ (14)’ ಎಂದಿದ್ದರೆ ಒತ್ತಿದಾಗ ಹದಿನಾಲ್ಕೇ ಬರಬೇಕು. ‘200 ರೂಪಾಯಿವರೆಗೆ’ ಎಂದರೆ ಸರಿಯಾಗಿ 200ರ ಪುಸ್ತಕವೂ ಇರಬೇಕು. ಮೂರನೇ ಪುಟದಲ್ಲಿದ್ದಾಗ ಫಿಲ್ಟರ್ ಹಾಕಿ ನೋಡುವುದನ್ನು ಮಾತ್ರ ಮರೆಯಬಾರದು. ಫಲಿತಾಂಶ ಒಂದೇ ಪುಟಕ್ಕೆ ಇಳಿದರೂ ತಾಣ ಮೂರನೇ ಪುಟವನ್ನೇ ಕೇಳುತ್ತಾ ಕೂತರೆ, ಪುಸ್ತಕವಿದ್ದೂ ‘ಏನೂ ಸಿಗಲಿಲ್ಲ’ ಎಂದು ಬರುತ್ತದೆ.

ನಿಜಕ್ಕೂ ಏನೂ ಇಲ್ಲದಾಗ ಆ ಪುಟ ಗಿರಾಕಿ ಟೈಪ್ ಮಾಡಿದ್ದನ್ನು ಪೆಟ್ಟಿಗೆಯಲ್ಲೇ ಉಳಿಸಬೇಕು, ಹಾಕಿದ ಫಿಲ್ಟರ್‌ಗಳನ್ನು ತೋರಿಸಿ ತೆಗೆಯಲು ಬಿಡಬೇಕು. ಸರ್ವರ್ ಕೆಟ್ಟಾಗಲೂ ಇದೇ ಪುಟ ಬರುತ್ತದೆಯೇ ಎಂಬುದನ್ನೂ ನೋಡಬೇಕು: ಹುಡುಕಲು ಆಗಲಿಲ್ಲ ಎನ್ನುವುದು ಬೇರೆ, ಪುಸ್ತಕ ಇಲ್ಲ ಎನ್ನುವುದು ಬೇರೆ. ಎರಡಕ್ಕೂ ಒಂದೇ ಸಂದೇಶ ತೋರಿಸುವ ತಾಣದಲ್ಲಿ ‘ಕರ್ವಾಲೊ’ ಕಪಾಟಿನಲ್ಲಿದ್ದರೂ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ.