ಪುಟದ ಛಾಯಾಚಿತ್ರದಿಂದ ವಿದ್ಯುತ್ ಮಂಡಲದ ಲೆಕ್ಕ ಬಿಡಿಸುವುದು

ಭೌತಶಾಸ್ತ್ರದ ಕೆಲವು ಲೆಕ್ಕಗಳಲ್ಲಿ ಪ್ರಶ್ನೆಯ ವಾಕ್ಯ ಒಂದೇ ಸಾಲಿನದಾಗಿರುತ್ತದೆ. ‘ಚಿತ್ರದಲ್ಲಿ ತೋರಿಸಿದ ಮಂಡಲದಲ್ಲಿ R₃ ರೋಧಕದ ಮೂಲಕ ಹರಿಯುವ ವಿದ್ಯುತ್ ಪ್ರವಾಹವನ್ನು ಕಂಡುಹಿಡಿಯಿರಿ’ ಎಂದಿಷ್ಟೇ ಇರುತ್ತದೆ. ವೋಲ್ಟ್, ಓಮ್, ಆಂಪಿಯರ್‌ಗಳ ಬೆಲೆಗಳೆಲ್ಲವೂ ಚಿತ್ರದೊಳಗೆ ಇರುತ್ತವೆ. ಪುಸ್ತಕ ಕೈಯಲ್ಲಿದ್ದರೆ ತೊಡಕಿಲ್ಲ. ಆದರೆ ಹುಲಜಂತಿಯ ತೋಟದ ವಸ್ತಿಯೊಂದರಿಂದ ವಿದ್ಯಾರ್ಥಿಯು ಸಂಜೆಯ ಹೊತ್ತು ಪುಟದ ಛಾಯಾಚಿತ್ರವನ್ನು ಮೊಬೈಲ್‌ನಲ್ಲಿ ಕಳುಹಿಸಿದಾಗ, ಮಂಗಳವೇಢೆಯಲ್ಲಿಯೋ ಸೋಲಾಪುರದಲ್ಲಿಯೋ ಇರುವ ಶಿಕ್ಷಕರು ಆ ಚಿತ್ರವನ್ನೇ ಆಧರಿಸಬೇಕಾಗುತ್ತದೆ. ಬಾಲಭಾರತಿಯ ಪುಟವಾದರೆ ತಮ್ಮ ಪ್ರತಿಯನ್ನು ತೆರೆದು ನೋಡುವುದೇ ಮೊದಲ ಕೆಲಸ. ನಮ್ಮ ಗಡಿಭಾಗದ ಮಕ್ಕಳು ಕರ್ನಾಟಕದ ಪಠ್ಯಪುಸ್ತಕವನ್ನೋ ಅಣ್ಣನ ಹಳೆಯ ಗೈಡನ್ನೋ ಹಿಡಿದು ಕೇಳಿದರೆ ಆ ದಾರಿಯೂ ಇಲ್ಲ. ಅಂತಹ ಒಂದು ಲೆಕ್ಕವನ್ನು ಇಲ್ಲಿ ಕೊನೆಯವರೆಗೆ ಬಿಡಿಸೋಣ. ಲೆಕ್ಕವನ್ನು ಈ ಲೇಖನಕ್ಕಾಗಿಯೇ ರಚಿಸಿದೆ. ಇಯತ್ತೆ ಒಂಬತ್ತು ಮತ್ತು ಹತ್ತರ ಮಟ್ಟಕ್ಕೆ ಹೊಂದುತ್ತದೆ.

ಛಾಯಾಚಿತ್ರದಲ್ಲಿ ಕಾಣುವುದು ಹೀಗಿದೆ. ಆಯತಾಕಾರದ ಮಂಡಲದ ಎಡಬದಿಯಲ್ಲಿ ಬ್ಯಾಟರಿ, ಅದರ ಪಕ್ಕದಲ್ಲಿ 12 V. ಮೇಲಿನ ತಂತಿಯಲ್ಲಿ ವೃತ್ತದೊಳಗೆ A ಎಂದು ಬರೆದ ಅಮ್ಮೀಟರ್, ಅದರ ಮೇಲೆ 1.5 A. ಮುಂದೆ R₁ = 4 Ω. ಅನಂತರ P ಎಂಬ ಬಿಂದುವಿನಲ್ಲಿ ತಂತಿಯು ಎರಡಾಗಿ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ R₂, ಇನ್ನೊಂದರಲ್ಲಿ R₃ = 6 Ω. ಎರಡೂ ಕವಲುಗಳು Q ಬಿಂದುವಿನಲ್ಲಿ ಕೂಡಿ ಬ್ಯಾಟರಿಗೆ ಮರಳುತ್ತವೆ. R₂ ಇರುವಲ್ಲಿ ಕೈಯ ನೆರಳು ಬಿದ್ದಿದೆ. ಒಂದು ಮತ್ತು ಎರಡು ಎಂಬ ಅಂಕಿಗಳು ಕಾಣುತ್ತವೆ. ನಡುವೆ ದಶಮಾಂಶ ಚಿಹ್ನೆ ಇದೆಯೋ ಇಲ್ಲವೋ ತಿಳಿಯದು. ಎರಡರ ಬಳಿಕ ಇರುವ ದುಂಡನೆಯ ಗುರುತು ಸೊನ್ನೆಯೋ Ω ಚಿಹ್ನೆಯೋ ಎಂಬುದೂ ಸ್ಪಷ್ಟವಿಲ್ಲ. ಹೀಗಾಗಿ R₂ ಬೆಲೆಯು 12 ಇರಬಹುದು, 1.2 ಇರಬಹುದು, 120 ಕೂಡ ಇರಬಹುದು.

ಬೆಲೆಗಳ ಕಡೆಗೆ ಹೋಗುವ ಮೊದಲು ಜೋಡಣೆಯನ್ನು ಓದಬೇಕು. ಕಾಗದದ ಮೇಲೆ ಎರಡು ರೋಧಕಗಳು ಅಕ್ಕಪಕ್ಕದಲ್ಲಿ ಸಮಾಂತರ ರೇಖೆಗಳಂತೆ ನಿಂತಿವೆ ಎಂದಮಾತ್ರಕ್ಕೆ ಅವು ಸಮಾಂತರ ಜೋಡಣೆಯಲ್ಲಿವೆ ಎಂದಲ್ಲ. ಆಯತದ ಎಡ ಮತ್ತು ಬಲ ಬದಿಗಳಲ್ಲಿ ಒಂದೊಂದು ರೋಧಕ ನಿಂತಿದ್ದರೂ ನಡುವೆ ಕವಲಿಲ್ಲದಿದ್ದರೆ ಅದು ಸರಣಿ ಜೋಡಣೆಯೇ. (ಮರಾಠಿ ಪುಸ್ತಕಗಳು ಇದನ್ನು ‘ಏಕಸರ ಜೋಡಣಿ’ ಎನ್ನುತ್ತವೆ, ಮರಾಠಿ ಮಾಧ್ಯಮದ ಗೆಳೆಯರೊಡನೆ ಓದುವ ಮಕ್ಕಳಿಗೆ ಎರಡೂ ಹೆಸರು ಗೊತ್ತಿರಲಿ.) ಆದ್ದರಿಂದ ಬ್ಯಾಟರಿಯ ಧನ ತುದಿಯಿಂದ, ಎಂದರೆ ಉದ್ದನೆಯ ಗೆರೆಯಿಂದ, ಬೆರಳಿಟ್ಟು ಹೊರಡಬೇಕು. ತಂತಿ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಮತ್ತೆ ಕೂಡುತ್ತದೆ ಎಂಬುದನ್ನು ಗುರುತಿಸಿಕೊಳ್ಳುತ್ತ ಋಣ ತುದಿಯವರೆಗೆ ಸಾಗಬೇಕು. ನಮ್ಮ ಚಿತ್ರದಲ್ಲಿ R₂ ಮತ್ತು R₃ ಎರಡರ ತುದಿಗಳೂ P, Q ಬಿಂದುಗಳಲ್ಲಿಯೇ ಸೇರುವುದರಿಂದ ಅವು ಪರಸ್ಪರ ಸಮಾಂತರ. ಆ ಜೋಡಿಗೆ R₁ ಸರಣಿಯಲ್ಲಿದೆ. ಅಮ್ಮೀಟರ್ ಕವಲಿಗಿಂತ ಮೊದಲೇ ಇರುವುದರಿಂದ ಅದು ಒಟ್ಟು ಪ್ರವಾಹವನ್ನು ತೋರಿಸುತ್ತದೆ. ಅಮ್ಮೀಟರ್ ಯಾವ ಕವಲಿನಲ್ಲಿದೆ ಎಂಬುದನ್ನು ಗಮನಿಸದೆ 1.5 A ಎಂಬುದನ್ನು R₃ಯ ಪ್ರವಾಹವೆಂದು ಬರೆದು ಮುಗಿಸುವ ಮಕ್ಕಳೂ ಇದ್ದಾರೆ.

ಜೋಡಣೆಯನ್ನು ಶಿಕ್ಷಕರು ತಮ್ಮ ಹಾಳೆಯಲ್ಲಿ ಬೇರೆಯಾಗಿ ಬರೆದುಕೊಳ್ಳುವುದು ಒಳಿತು. ಸ್ಪಷ್ಟವಾಗಿ ಓದಿದ ಬೆಲೆಗಳನ್ನು ಹಾಗೆಯೇ ಬರೆಯಬೇಕು. ಅಸ್ಪಷ್ಟವಾದುದರ ಎದುರು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು, ಊಹೆಯ ಬೆಲೆಯನ್ನಲ್ಲ. ಒಮ್ಮೆ 12 ಎಂದು ಬರೆದುಬಿಟ್ಟರೆ ಮುಂದೆ ಕಣ್ಣಿಗೆ ಅದು 12 ಆಗಿಯೇ ಕಾಣತೊಡಗುತ್ತದೆ.

ಈಗ R₂ ಗೊತ್ತಿಲ್ಲದಿದ್ದರೂ ಎಷ್ಟು ಹೇಳಬಹುದು ಎಂದು ನೋಡೋಣ. R₂ ಅತ್ಯಂತ ಕಡಿಮೆ, ಅಂದರೆ ಸೊನ್ನೆಯ ಸಮೀಪ ಇದ್ದರೆ P, Q ನಡುವಿನ ರೋಧವೂ ಸೊನ್ನೆಯ ಸಮೀಪ. ಮಂಡಲದ ಒಟ್ಟು ರೋಧ R₁ ಒಂದರಷ್ಟೇ, 4 Ω. R₂ ಅತ್ಯಂತ ಹೆಚ್ಚಾಗಿದ್ದರೆ ಆ ಕವಲು ಇಲ್ಲದಂತೆಯೇ; ಆಗ ಒಟ್ಟು ರೋಧ 4 + 6 = 10 Ω. ಹೀಗೆ R₂ ಏನೇ ಇರಲಿ, ಒಟ್ಟು ಪ್ರವಾಹವು 12/10 ಮತ್ತು 12/4ರ ನಡುವೆ, ಎಂದರೆ 1.2 A ಮತ್ತು 3 A ನಡುವೆ ಇರಲೇಬೇಕು. ಅಮ್ಮೀಟರಿನ 1.5 A ಈ ಎಲ್ಲೆಯೊಳಗಿದೆ. ದಶಮಾಂಶ ಚಿಹ್ನೆ ಅಳಿಸಿ 15 A ಎಂದು ಕಂಡಿದ್ದರೆ ಅದು ತಪ್ಪು ಓದು ಎಂದು ಆಗಲೇ ತಿಳಿಯುತ್ತಿತ್ತು. 12 V ಬ್ಯಾಟರಿಯಿಂದ 15 A ಹರಿಯಲು ಒಟ್ಟು ರೋಧ 0.8 Ω ಆಗಬೇಕು, ಇಲ್ಲಿ R₁ ಒಂದೇ 4 Ω ಇದೆ. ಒಂದು ಬೆಲೆಯ ತಪ್ಪನ್ನು ಉಳಿದ ಬೆಲೆಗಳು ಹೀಗೆ ತೋರಿಸಿಕೊಡುತ್ತವೆ.

ಎಲ್ಲೆಯೊಳಗಿದ್ದರೆ ಸಾಲದು, R₂ ಬೆಲೆಯೂ ಬೇಕು. ಅದಕ್ಕೆ ಓಮ್‌ನ ನಿಯಮ ಸಾಕು.

ಒಟ್ಟು ರೋಧ: R = V/I = 12/1.5 = 8 Ω

P, Q ನಡುವಿನ ರೋಧ: 8 − 4 = 4 Ω

1/R₂ = 1/4 − 1/6 = 1/12, ಆದ್ದರಿಂದ R₂ = 12 Ω

ನೆರಳಿನಲ್ಲಿದ್ದ ಅಂಕಿ 12, ಅದರ ಮುಂದಿನ ದುಂಡನೆಯ ಗುರುತು Ω. ಉಳಿದ ಎರಡು ಓದುಗಳನ್ನೂ ಪರೀಕ್ಷಿಸಿ ನೋಡಬಹುದು. R₂ = 1.2 Ω ಎಂದಾದರೆ P, Q ನಡುವೆ 1 Ω, ಒಟ್ಟು 5 Ω, ಪ್ರವಾಹ 2.4 A. R₂ = 120 Ω ಎಂದಾದರೆ ಪ್ರವಾಹ ಸುಮಾರು 1.24 A. ಎರಡೂ ಅಮ್ಮೀಟರಿಗೆ ಹೊಂದುವುದಿಲ್ಲ. ಇಲ್ಲಿ ಒಂದು ಮಾತು. 1.2 Ω ಎಂದು ಓದಿದವರಿಗೂ 1, 5, 2.4 ಎಂಬ ಅಚ್ಚುಕಟ್ಟಾದ ಅಂಕಿಗಳೇ ದೊರೆಯುತ್ತವೆ. ‘ಉತ್ತರ ಸಲೀಸಾಗಿ ಬಂತು, ಆದ್ದರಿಂದ ಓದಿದ್ದು ಸರಿ’ ಎಂಬ ವಾಡಿಕೆಯ ನಂಬಿಕೆ ಇಲ್ಲಿ ಕೈಕೊಡುತ್ತದೆ. ನಿರ್ಣಯಿಸುವುದು ಅಮ್ಮೀಟರಿನ ಬೆಲೆ ಮಾತ್ರ.

ಇನ್ನು ಕೇಳಿದ ಪ್ರಶ್ನೆಗೆ ಬರೋಣ. R₁ ತುದಿಗಳ ನಡುವಿನ ವಿಭವಾಂತರ 1.5 × 4 = 6 V. ಆದ್ದರಿಂದ P, Q ನಡುವೆ ಉಳಿಯುವುದು 12 − 6 = 6 V. ಸಮಾಂತರ ಜೋಡಣೆಯಲ್ಲಿ ಎರಡೂ ಕವಲುಗಳಿಗೆ ಈ ವಿಭವಾಂತರ ಒಂದೇ. ಹಾಗಾಗಿ R₃ ಮೂಲಕ ಹರಿಯುವ ಪ್ರವಾಹ 6/6 = 1 A; R₂ ಮೂಲಕ 6/12 = 0.5 A. ಎರಡನ್ನೂ ಕೂಡಿದರೆ 1.5 A, ಅಮ್ಮೀಟರ್ ತೋರಿಸಿದಷ್ಟೇ.

ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆದಿರಬಹುದು. R₃ಯ ಪ್ರವಾಹ ಪಡೆಯಲು R₂ ಬೆಲೆ ಬೇಕಾಗಲೇ ಇಲ್ಲ. ಅಮ್ಮೀಟರಿನ ಬೆಲೆ, R₁, R₃ ಮತ್ತು ಬ್ಯಾಟರಿಯ ವಿಭವಾಂತರ ಇಷ್ಟೇ ಸಾಕಾಯಿತು. ಮಸುಕಾದ ಭಾಗವನ್ನು ಕಂಡು ಲೆಕ್ಕವನ್ನೇ ಬದಿಗಿಡುವ ಮೊದಲು, ಕೇಳಿದ ಪರಿಮಾಣಕ್ಕೆ ಆ ಭಾಗ ನಿಜವಾಗಿಯೂ ಬೇಕೇ ಎಂದು ನೋಡಬೇಕು. ಆದರೆ ಅಮ್ಮೀಟರಿನ ಬೆಲೆಯೂ R₂ ಬೆಲೆಯೂ ಸ್ಪಷ್ಟವಾಗಿದ್ದರೆ ಅವು ಒಂದನ್ನೊಂದು ಪರೀಕ್ಷಿಸುತ್ತವೆ. R₂ ಓದಲಾಗದಿದ್ದಾಗ ಆ ಪರೀಕ್ಷೆ ಇರುವುದಿಲ್ಲ, ಅಮ್ಮೀಟರಿನ ಅಂಕಿಯನ್ನೇ ಪೂರ್ತಿ ನಂಬಬೇಕಾಗುತ್ತದೆ. ನಮ್ಮ ಲೆಕ್ಕದಲ್ಲಿ ಅರೆಬರೆ ಕಂಡ ‘1, 2’ ಎಂಬ ಅಂಕಿಗಳೊಡನೆ 12 ಎಂಬ ಫಲಿತಾಂಶ ಹೊಂದಿದ್ದರಿಂದಲೇ ಅಮ್ಮೀಟರಿನ ಓದಿಗೂ ಬೆಂಬಲ ದೊರೆಯಿತು. ಬ್ಯಾಟರಿಯ ಒಳರೋಧವನ್ನೂ ಅಮ್ಮೀಟರಿನ ರೋಧವನ್ನೂ ಶಾಲಾ ಲೆಕ್ಕಗಳ ವಾಡಿಕೆಯಂತೆ ಇಲ್ಲಿ ಬಿಟ್ಟಿದ್ದೇವೆ.

ವಿದ್ಯಾರ್ಥಿಗಳಲ್ಲಿ ಕಾಣುವ ದೊಡ್ಡ ತಪ್ಪು ಓದಿನದಲ್ಲ, ವಿಚಾರದ್ದು. ಬ್ಯಾಟರಿಯ 12 V ಪ್ರತಿಯೊಂದು ರೋಧಕಕ್ಕೂ ಪೂರ್ತಿಯಾಗಿ ದೊರೆಯುತ್ತದೆ ಎಂದುಕೊಂಡು R₃ಗೆ 12/6 = 2 A ಎಂದು ಬರೆಯುತ್ತಾರೆ. ‘ತಪ್ಪು’ ಎಂದು ಗೆರೆ ಎಳೆಯುವುದರ ಬದಲು ಚಿತ್ರದ ಕಡೆಗೇ ಬೆರಳು ತೋರಿಸಬಹುದು: ಕವಲಿಗೆ ಮುನ್ನ ಹರಿದದ್ದು 1.5 A, ಒಂದು ಕವಲಿನಲ್ಲಿಯೇ 2 A ಹೇಗೆ ಹರಿದೀತು? ಕಾಲುವೆಯ ನೀರನ್ನು ಎರಡು ಹೊಲಗಳಿಗೆ ತಿರುಗಿಸಿದ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಅಮ್ಮೀಟರ್ ಇಲ್ಲದ ಚಿತ್ರವಾಗಿದ್ದರೆ? ಆಗ R₂ ಬೆಲೆಯನ್ನು ಮರಳಿ ಪಡೆಯುವ ದಾರಿಯಿಲ್ಲ. 12, 1.2, 120 ಮೂರೂ ತಮ್ಮ ತಮ್ಮ ಮಟ್ಟಿಗೆ ದೋಷವಿಲ್ಲದ ಲೆಕ್ಕಗಳೇ. R₃ಯ ಪ್ರವಾಹ ಮೊದಲನೆಯದರಲ್ಲಿ 1 A, ಎರಡನೆಯದರಲ್ಲಿ 0.4 A, ಮೂರನೆಯದರಲ್ಲಿ ಸುಮಾರು 1.18 A. ಪುಸ್ತಕದ ಹಿಂದೆ ಉತ್ತರ ಮುದ್ರಿಸಿದ್ದರೆ ಅದನ್ನು ಕೇಳಿ ತರಿಸಿಕೊಂಡು ಹೊಂದಿಸಬಹುದು. ಇಲ್ಲವಾದರೆ ಚಿತ್ರವನ್ನು ಮತ್ತೊಮ್ಮೆ ಕಳುಹಿಸಲು ಹೇಳಬೇಕು. ‘ಸರಿಯಾಗಿ ಕಳುಹಿಸು’ ಎಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ‘R₂ ಬಳಿ ಬರೆದ ಅಂಕಿಯನ್ನು ಓದಿ ಹೇಳು, ನಡುವೆ ಚುಕ್ಕೆ ಇದೆಯೇ ನೋಡು’ ಎಂದು ಕೇಳಿದರೆ ಚಿತ್ರವನ್ನು ಮತ್ತೆ ತೆಗೆಯುವುದೂ ಬೇಕಾಗದು. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದಾಗ ಗಾತ್ರ ಕುಗ್ಗಿ ದಶಮಾಂಶ ಚುಕ್ಕೆಯಂತಹ ಸಣ್ಣ ಗುರುತುಗಳು ಮಸುಕಾಗುವುದುಂಟು. ಅದನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ರೂಪದಲ್ಲಿಯೇ ತಲುಪುತ್ತದೆ.

ಮಂಡಲದ ಚಿತ್ರಕ್ಕೆ ಒಂದು ಅನುಕೂಲವಿದೆ. ಪುಟವನ್ನು ಓರೆಯಾಗಿ ಹಿಡಿದು ಚಿತ್ರ ತೆಗೆದರೂ ಲೆಕ್ಕ ಕೆಡುವುದಿಲ್ಲ, ಏಕೆಂದರೆ ಗೆರೆಗಳ ಉದ್ದಕ್ಕೆ ಅಲ್ಲಿ ಅರ್ಥವಿಲ್ಲ. ಯಾವುದು ಯಾವುದಕ್ಕೆ ಸೇರಿದೆ ಎಂಬುದಷ್ಟೇ ಮುಖ್ಯ. ಇಯತ್ತೆ ಹತ್ತರ ಮಸೂರಗಳ ಪಾಠದಲ್ಲಿನ ಕಿರಣಚಿತ್ರದ ಮಾತು ಬೇರೆ. ನಾಭಿದೂರ 10 ಸೆ.ಮೀ., ವಸ್ತುವಿನ ದೂರ 15 ಸೆ.ಮೀ. ಎಂದು ಪೀನ ಮಸೂರದ ಚಿತ್ರದಲ್ಲಿ ಬರೆದಿದ್ದರೆ ಪ್ರತಿಬಿಂಬ 30 ಸೆ.ಮೀ. ದೂರದಲ್ಲಿ, ವಸ್ತುವಿನ ಎರಡರಷ್ಟು ಎತ್ತರವಾಗಿ, ತಲೆಕೆಳಗಾಗಿ ಮೂಡಬೇಕು. ಅದನ್ನು ಮೊಬೈಲ್ ಪರದೆಯ ಮೇಲೆ ಅಳತೆಪಟ್ಟಿ ಇಟ್ಟು ಅಳೆದು ತೆಗೆಯಲು ಹೋದರೆ, ಓರೆಯಾಗಿ ತೆಗೆದ ಚಿತ್ರದಲ್ಲಿ ಹತ್ತಿರದ ಭಾಗ ಹಿಗ್ಗಿ ದೂರದ ಭಾಗ ಕುಗ್ಗಿರುವುದರಿಂದ, ಎರಡರ ಬದಲು ಬೇರೆ ಅನುಪಾತ ದೊರೆಯುತ್ತದೆ. ಮೇಲಾಗಿ ಪುಸ್ತಕದ ಕಿರಣಚಿತ್ರಗಳೆಲ್ಲವೂ ಪ್ರಮಾಣಬದ್ಧವಾಗಿರುವುದಿಲ್ಲ. ಅಂತಹ ಲೆಕ್ಕದಲ್ಲಿ ಚಿತ್ರದ ಮೇಲೆ ಬರೆದ ಬೆಲೆಗಳನ್ನು ಮಾತ್ರ ತೆಗೆದುಕೊಂಡು ಮಸೂರದ ಸೂತ್ರದಿಂದ ಬಿಡಿಸಬೇಕು. ಆಲೇಖದಿಂದ ಬೆಲೆ ಓದಬೇಕಾದಲ್ಲಿ ಅಕ್ಷಗಳ ಮೇಲಿನ ಅಂಕಿಗಳನ್ನೂ ಚೌಕಗಳನ್ನೂ ಎಣಿಸಬೇಕೇ ಹೊರತು ಪರದೆಯ ಮೇಲಿನ ಉದ್ದವನ್ನಲ್ಲ.